ಹಳೆಯ ಇನ್‌ಲ್ಯಾಂಡ್ ಕಾಗದ ಟೈಪ್ ಮಾಡುವಾಗ ಕಾಟು ಹಾಕಿದ ಪದ, ಸಾಲಿನ ತುದಿ ತೋರಿಸುವುದು ಹೇಗೆ?

ತೋಟದಮನೆ

ಮನೆಯ ಹಳೆಯ ಇನ್‌ಲ್ಯಾಂಡ್ ಕಾಗದಗಳ ಫೋಟೊ ಇಟ್ಟುಕೊಂಡು ಟೈಪ್ ಮಾಡುತ್ತಿದ್ದೇನೆ. ಓದುವವರು ಮನೆಮಂದಿಯೇ ಆದ್ದರಿಂದ ಸಲೀಸಾಗಿ ಓದಿಸಿಕೊಂಡು ಹೋಗುವ ಸ್ವಚ್ಛ ಪ್ಯಾರಾಗಳು ಬೇಕು. ಆದರೆ ಬರೆದವರು ಎಲ್ಲಿ ಕಾಟು ಹಾಕಿ ಬೇರೆ ಬರೆದರು, ಸಾಲು ಎಲ್ಲಿಗೆ ಮುಗಿಯಿತು ಎನ್ನುವುದೂ ಉಳಿಯಬೇಕು. ಒಂದು ಕಾಗದದ ಮೊದಲ ಏಳು ಸಾಲನ್ನು ಇದ್ದ ಹಾಗೇ ಹಾಕುತ್ತಿದ್ದೇನೆ:

```
ದುರ್ಮುಖಿ ಸಂ|| ಕಾರ್ತೀಕ ಬ|| ೫
ಚಿ|| ತಮ್ಮನಿಗೆ ಆಶೀರ್ವಾದಗಳು. ಇತ್ತ ಕಡೆ ಯೆಲ್ಲರೂ
ಕ್ಷೇಮ. ನಿನ್ನ ಕಾಗದ ತಲುಪಿ ಬಹಳ ಸಂ
ತೋಷವಾಯಿತು. ಅಡಿಕೆ ಬಾಬ್ತು ನಲವತ್ತು ರೂ|| ಬಂ
ದಿದೆ. ಅದರಲ್ಲಿ ೧೨-೮-೦ ನಿನ್ನ ಹೆಸರಿಗೆ ಪೋಸ್ಟ್
ಮಾಸ್ತರರಲ್ಲಿ ಕಟ್ಟಿದ್ದೇನೆ. ಮುಂದಿನ ವಾರ ನಾನೇ ಬರು
ತ್ತೇನೆ ಅಣ್ಣ ಬರುತ್ತಾನೆ.
```

ನಾಲ್ಕನೇ ಸಾಲಿನ "ನಲವತ್ತು" ಕಾಟು ಹಾಕಿದೆ, ಅದರ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ "ಮೂವತ್ತೈದು" ಇದೆ. ಕೊನೆಯ ಎರಡು ಸಾಲಿನಲ್ಲಿ "ನಾನೇ ಬರುತ್ತೇನೆ" ಎಂಬುದಕ್ಕೆ ಕಾಟು. ಅದು ಒಂದು ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಮುಗಿಯುತ್ತದೆ. ಇವನ್ನೆಲ್ಲ ಒಂದೇ ಕಡತದಲ್ಲಿ ಹೇಗೆ ಗುರುತಿಸುವುದು?

ಬೆರಳಚ್ಚು

ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ವರ್ಡ್‌ನಲ್ಲಿ ಟೈಪ್ ಮಾಡಿ, ಕಾಟು ಹಾಕಿದ ಪದವನ್ನು ಆಯ್ಕೆ ಮಾಡಿ, ಅಡ್ಡಗೆರೆಯ ಬಟನ್ ಒತ್ತಿ. ಸಾಲು ಮುಗಿದಲ್ಲೆಲ್ಲ ಶಿಫ್ಟ್ ಹಿಡಿದು ಎಂಟರ್ ಹೊಡೆಯಿರಿ, ಪ್ಯಾರಾ ಮುಗಿದಾಗ ಬರೀ ಎಂಟರ್. ನೋಡಲು ಥೇಟ್ ಕಾಗದದ ಹಾಗೇ ಕಾಣುತ್ತದೆ. ನುಡಿಯಲ್ಲಿ ಟೈಪ್ ಮಾಡಿದರೆ ಅಕ್ಷರವೂ ಚೆಂದ.

ಹಳೆಕಡತ

ಶಿಫ್ಟ್-ಎಂಟರ್ ಮತ್ತು ಬರೀ ಎಂಟರ್ ಬೇರೆ ಬೇರೆ ಇಡಬೇಕು ಎನ್ನುವುದು ಸರಿ. ಅಡ್ಡಗೆರೆಯ ವಿಷಯದಲ್ಲಿ ಮಾತ್ರ ಒಪ್ಪಲಾರೆ. ವರ್ಡ್‌ನ ಅಡ್ಡಗೆರೆ ಪದಕ್ಕೆ ಹೊದಿಸಿದ ಅಲಂಕಾರವೇ ಹೊರತು ಪದದ ಭಾಗವಲ್ಲ. ಅದೇ ಪ್ಯಾರಾವನ್ನು ನಾಳೆ ಯಾರಾದರೂ ನಕಲು ಮಾಡಿ ವಾಟ್ಸ್ಯಾಪಿಗೋ ನೋಟ್‌ಪ್ಯಾಡಿಗೋ ಅಂಟಿಸಿದರೆ ಗೆರೆ ಹಾರಿಹೋಗುತ್ತದೆ, ಪದ ಉಳಿಯುತ್ತದೆ. ಆಗ ಓದುವವರಿಗೆ ಸಿಗುವುದು "ಅಡಿಕೆ ಬಾಬ್ತು ನಲವತ್ತು ಮೂವತ್ತೈದು ರೂ|| ಬಂದಿದೆ". ಇನ್ನೊಂದು ಕಡೆ ನೋಡಿ: "ನಾನೇ ಬರುತ್ತೇನೆ ಅಣ್ಣ ಬರುತ್ತಾನೆ". ಬರೆದವರು ಅಳಿಸಿದ ಮಾತು ಅವರೇ ಆಡಿದ ಮಾತಾಗಿ ಕೂರುತ್ತದೆ. ಗುರುತೇ ಹಾಕದೆ ಬಿಟ್ಟುಬಿಡುವುದಕ್ಕಿಂತ ಇದು ಕೆಟ್ಟದ್ದು.

ಹಾಗಾಗಿ ಗುರುತು ಅಕ್ಷರವಾಗಿಯೇ ಕಡತದೊಳಗೆ ಇರಬೇಕು. ಕಾಟು ಹಾಕಿದ್ದಕ್ಕೆ ಎರಡೂ ಪಕ್ಕ ಎರಡೆರಡು ಅಲೆಗೀಟು, ಮೇಲೆ ಸೇರಿಸಿದ್ದಕ್ಕೆ ಟೋಪಿ ಗುರುತು:

```
ಅಡಿಕೆ ಬಾಬ್ತು ~~ನಲವತ್ತು~~ ^ಮೂವತ್ತೈದು^ ರೂ||
```

ಇದನ್ನು ಎಲ್ಲಿ ಅಂಟಿಸಿದರೂ ಗುರುತು ಪದವನ್ನು ಬಿಟ್ಟು ಹೋಗುವುದಿಲ್ಲ. ಪದದ ಮೇಲೇ ಗೆರೆ ಕೂರಿಸುವ ಯುನಿಕೋಡ್ ಚಿಹ್ನೆ (`U+0336`) ಒಂದಿದೆ, ಕೆಲವು ಜಾಲತಾಣಗಳು ಅದನ್ನೇ ಬಳಸಿ ಗೆರೆ ಎಳೆದುಕೊಡುತ್ತವೆ. ಕನ್ನಡಕ್ಕೆ ಅದು ಬೇಡ. ಅದು ಪ್ರತಿಯೊಂದು ಸಂಕೇತದ ಹಿಂದೆಯೂ ಹೊಕ್ಕು ಒತ್ತಕ್ಷರ, ಗುಣಿತ ಒಡೆದುಹಾಕುತ್ತದೆ. ಆಮೇಲೆ "ನಲವತ್ತು" ಎಂದು ಹುಡುಕಿದರೆ ಸಿಗುವುದೂ ಇಲ್ಲ.

ನುಡಿಯಲ್ಲಿ ಟೈಪ್ ಮಾಡುವುದಾದರೆ ಯುನಿಕೋಡ್ ಆಯ್ಕೆಯಲ್ಲೇ ಮಾಡಿ. ಹಳೆಯ ಆಸ್ಕಿ ಅಕ್ಷರಗಳಲ್ಲಿ ~ ಮತ್ತು ^ ಇರುವ ಜಾಗದಲ್ಲಿ ಕನ್ನಡದ್ದೇ ತುಣುಕುಗಳು ಕೂತಿರಬಹುದು, ಪರಿವರ್ತನೆ ಮಾಡುವಾಗ ಗುರುತುಗಳು ಕಲಸಿಹೋಗುತ್ತವೆ.

ತೋಟದಮನೆ

ಅರ್ಥವಾಯಿತು. ಸಾಲಿನ ತುದಿಗೆ | ಹಾಕುವುದು ವಾಡಿಕೆ ಎಂದು ಕೇಳಿದ್ದೆ. ಹಾಕಿ ನೋಡಿದರೆ ಗೊಂದಲ. ಕಾಗದದಲ್ಲೇ ಚಿ||, ಸಂ||, ಬ||, ರೂ|| ಎಂದು ಗೀಟುಗಳು ತುಂಬಿವೆ.

ಹಳೆಕಡತ

ಶಾಸನ, ಹಸ್ತಪ್ರತಿಗಳ ಪಾಠ ಕೊಡುವವರು ಸಾಲಿಗೆ ಒಂದು ಗೀಟು, ಪುಟಕ್ಕೆ ಎರಡು ಗೀಟು ಹಾಕುವುದುಂಟು. ನಮ್ಮ ಹಿರಿಯರ ಕಾಗದಕ್ಕೆ ಆ ಪದ್ಧತಿ ಒಗ್ಗುವುದಿಲ್ಲ, ಕಾರಣ ನೀವೇ ಹೇಳಿದಿರಿ. ಚಿ||, ಸೌ||, ತೀ||, ಉ||, ಮ|| ರಾ|| ಎಲ್ಲದರಲ್ಲೂ ಅದು ಸಂಕ್ಷೇಪದ ಗುರುತು. ಓರೆಗೀಟೂ ಆಗದು, ದಿನಾಂಕದಲ್ಲಿ ಬರುತ್ತದೆ, "ರೂ. 25/-" ಎಂಬಲ್ಲಿ ಬರುತ್ತದೆ. ನಾನು ನಡು ಮುರಿದ ಗೀಟು ¦ ಬಳಸುತ್ತೇನೆ, ಹಳೆಯ ಕಾಗದದಲ್ಲಿ ಅದು ಬರುವ ಸಂಭವವೇ ಇಲ್ಲ. ಸಿಕ್ಕಿದ ಗುರುತನ್ನು ಮೊದಲು ಇಡೀ ಕಾಗದದಲ್ಲಿ ಹುಡುಕಿ, ಒಂದೂ ಸಿಗದಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಿ.

ಧಾರವಾಡ ಮಾಸ್ತರ

ಅಲ್ರೀ, ಆ ಮುರಿದ ಗೀಟು ಮೊಬೈಲಿನಾಗ ನೋಡಿದ್ರ ಸೀದಾ ಗೀಟಿನಂಗ ಕಾಣ್ತದ. ವಯಸ್ಸಾದವ್ರಿಗೆ ಹೆಂಗ ತಿಳೀಬೇಕು? ಸಾಲಿನ ನಂಬರ್ ಹಾಕಿಬಿಡ್ರಿ, [೩] [೪] ಅಂತ. ಯಾರಿಗರೆ ಸಂಶಯ ಬಂತಂದ್ರ ಫೋಟೊದಾಗ ನಾಕನೇ ಸಾಲು ಎಣಿಸಿ ನೋಡ್ತಾರ. ಗೀಟು ಹಾಕಿದ್ರ ಸಾಲು ಮುಗೀತು ಅನ್ನೂದಷ್ಟ ಗೊತ್ತಾಗ್ತದ, ಯಾವ ಸಾಲು ಅನ್ನೂದು ಗೊತ್ತಾಗೂದಿಲ್ಲ.

ಹಳೆಕಡತ

ಮಾಸ್ತರರ ಮಾತು ತಳ್ಳಿಹಾಕುವಂಥದ್ದಲ್ಲ. ನನ್ನ ಅಳುಕು ಇಷ್ಟೇ: ಪದದ ನಡುವೆ ಸಾಲು ಮುರಿದಲ್ಲಿ "ಸಂ[೪]ತೋಷವಾಯಿತು" ಎಂದಾಗಿ ಓದು ಎಡವುತ್ತದೆ. ನಾವು ಕನ್ನಡಿಗರು ಕೈಬರಹದಲ್ಲಿ ಜಾಗ ಸಾಲದಿದ್ದರೆ ಪದವನ್ನು ಯಾವ ಅಕ್ಷರಕ್ಕೆ ಬೇಕಾದರೂ ಮುರಿಯುತ್ತೇವೆ, ಅಡ್ಡಗೀಟನ್ನೂ ಹಾಕುವುದಿಲ್ಲ. ಈ ಏಳು ಸಾಲಿನಲ್ಲೇ ಸಂ/ತೋಷ, ಬಂ/ದಿದೆ, ಪೋಸ್ಟ್/ಮಾಸ್ತರ, ಬರು/ತ್ತೇನೆ, ನಾಲ್ಕು ಕಡೆ ಮುರಿದಿದೆ. ಅಷ್ಟು ಕಡೆ ಪದದ ಹೊಟ್ಟೆಯೊಳಗೆ ಅಂಕಿ ಬರುತ್ತದೆ.

ಧಾರವಾಡ ಮಾಸ್ತರ

ಐದು ಸಾಲಿಗೊಮ್ಮೆ ಹಾಕ್ರಿ ಹಂಗಾದ್ರ. ಆದ್ರ ನಂಬರ್ ಬ್ಯಾಡ ಅನ್ನೂದು ನಾ ಒಪ್ಪೂದಿಲ್ಲ.

ಶುದ್ಧಗನ್ನಡ

"ಸ್ವಚ್ಛ ಪ್ಯಾರಾ" ಬೇಕು ಎಂದಿದ್ದೀರಿ. ಹಾಗಾದರೆ "ಯೆಲ್ಲರೂ" ಎಂಬುದನ್ನು "ಎಲ್ಲರೂ" ಎಂದು ತಿದ್ದಿ, ೧೨-೮-೦ ಎಂಬುದನ್ನು ಹನ್ನೆರಡೂವರೆ ರೂಪಾಯಿ ಎಂದು ಬರೆಯಿರಿ, ಸಂವತ್ಸರದ ಬದಲು ಇಸವಿ ಹಾಕಿ. ಇಂದಿನವರಿಗೆ ಅರ್ಥವಾಗದಿದ್ದರೆ ಟೈಪ್ ಮಾಡಿ ಏನು ಪ್ರಯೋಜನ?

ಹಳೆಕಡತ

ಇಲ್ಲಿ ಸ್ವಚ್ಛ ಎಂದರೆ ಸಾಲುಗಳು ಕೂಡಿಕೊಂಡು ಪ್ಯಾರಾ ಆಗಬೇಕು ಎಂದಷ್ಟೇ. ಕಾಗುಣಿತ ತಿದ್ದುವುದು ಬೇರೆಯ ಕೆಲಸ. "ಯೆಲ್ಲರೂ", "ವಂದು", "ಯಿಲ್ಲಿ" ಇವೆಲ್ಲ ಬರೆದವರ ಬಾಯಿಯ ದನಿ, ಟೈಪ್ ಮಾಡುವವರ ತಪ್ಪಲ್ಲ. ಒಂದನ್ನು ತಿದ್ದಿದಿರಿ ಎಂದಾದರೆ ಮುಂದೆ ಕಾಣುವ ಯಾವ ರೂಪ ಅವರದ್ದು, ಯಾವುದು ನಿಮ್ಮದು ಎಂದು ಹೇಳಲು ಆಗದು.

ಹಣದ ಲೆಕ್ಕವಂತೂ ಮುಟ್ಟಲೇಬೇಡಿ. ೧೨-೮-೦ ಎಂದರೆ ಹನ್ನೆರಡು ರೂಪಾಯಿ, ಎಂಟು ಆಣೆ, ಸೊನ್ನೆ ಪೈ. ನಮ್ಮಲ್ಲಿ ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಮೂರು ಮನೆಯ ಈ ಲೆಕ್ಕವೇ ಕಾಗದದ ಕಾಲಕ್ಕೆ ಒಂದು ಸಾಕ್ಷಿ. ದುರ್ಮುಖಿ ಸಂವತ್ಸರ 1956ರ ಯುಗಾದಿಗೆ ಶುರುವಾದದ್ದು, ಅದರ ಹಿಂದಿನ ದುರ್ಮುಖಿ 60 ವರ್ಷ ಮುಂಚೆ. ಕಾರ್ತೀಕ ಬಹುಳ ಪಂಚಮಿ ಎಂದರೆ 1956ರ ನವೆಂಬರ್ ಉತ್ತರಾರ್ಧ. ಆಣೆಯ ಲೆಕ್ಕ ಇದಕ್ಕೆ ಹೊಂದಿಕೊಳ್ಳುತ್ತದೆ. ಇದನ್ನು ಕಾಗದದ ಒಳಗೆ ತುರುಕದೆ ಕೆಳಗೆ ನಿಮ್ಮ ಟಿಪ್ಪಣಿಯಾಗಿ ಬರೆಯಿರಿ. ಶುದ್ಧಗನ್ನಡದವರು ಕೇಳಿದ ಅನುಕೂಲವೂ ಅಲ್ಲೇ ಸಿಗುತ್ತದೆ.

ಶುದ್ಧಗನ್ನಡ

ಟಿಪ್ಪಣಿಯಾದರೆ ಸರಿ. ಆದರೂ ಮೊಮ್ಮಕ್ಕಳು "ಯೆಲ್ಲರೂ" ಓದಿ ಅದೇ ಸರಿ ಎಂದುಕೊಂಡರೆ ಎಂಬ ಚಿಂತೆ ನನಗೆ ಹೋಗಿಲ್ಲ.

ಬೆಳಕಿಂಡಿ

ಟೈಪ್ ಮಾಡುವ ಮೊದಲು ಫೋಟೊದ ಬಗ್ಗೆ ಎರಡು ಮಾತು. ಇನ್‌ಲ್ಯಾಂಡ್ ಕಾಗದ ಮಡಿಚಿಡುವಂಥದ್ದು. ಮಡಿಕೆ ಒಂದು ಸಾಲಿನ ಮೇಲೇ ಹಾದುಹೋಗಿದ್ದರೆ ಫೋಟೊದಲ್ಲಿ ಆ ಇಡೀ ಸಾಲಿಗೆ ಕಾಟು ಹಾಕಿದ ಹಾಗೆ ಕಾಣುತ್ತದೆ. ವ್ಯತ್ಯಾಸ ಹೀಗೆ ತಿಳಿಯುತ್ತದೆ: ಮಡಿಕೆ ಪದಗಳ ನಡುವಿನ ಖಾಲಿ ಜಾಗದಲ್ಲೂ ನಿಲ್ಲದೆ ಕಾಗದದ ಅಂಚಿನವರೆಗೆ ನೆಟ್ಟಗೆ ಹೋಗುತ್ತದೆ, ಅದರ ಒಂದು ಪಕ್ಕ ಬೆಳಕು ಇನ್ನೊಂದು ಪಕ್ಕ ನೆರಳು ಇರುತ್ತದೆ. ಕಾಟು ಪದದ ಮೊದಲ ಅಕ್ಷರದ ಆಸುಪಾಸಿನಲ್ಲಿ ಶುರುವಾಗಿ ಕೊನೆಯ ಅಕ್ಷರದ ಬಳಿ ನಿಲ್ಲುತ್ತದೆ, ಕೈ ಎತ್ತಿದ ಕಡೆ ತುದಿ ತೆಳ್ಳಗಾಗುತ್ತದೆ ಅಥವಾ ಕೊಕ್ಕೆಯಾಗುತ್ತದೆ.

ಇನ್ನೊಂದು ಮೋಸ ಅಡಿಗೆರೆಯದ್ದು. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಪದಕ್ಕೆ ಎಳೆದ ಅಡಿಗೆರೆ ಕೆಳಗಿನ ಪದದ ತಲೆಕಟ್ಟಿನ ಮೇಲೆ ಬಂದು ಕೂರುತ್ತದೆ. ಗೆರೆಯ ಉದ್ದ ಮೇಲಿನ ಪದಕ್ಕೆ ಸರಿಹೊಂದುತ್ತದೋ ಕೆಳಗಿನದ್ದಕ್ಕೋ ನೋಡಿ. ಅಡಿಗೆರೆಯಾದರೆ ಮೇಲಿನ ಪದದ ಒತ್ತುಗಳನ್ನು ಕತ್ತರಿಸಿಕೊಂಡು ಹೋಗಿರುತ್ತದೆ.

ಕಾಟಿನ ಕೆಳಗಿನ ಪದ ಓದಲು ಆಗದಿದ್ದರೆ ಜಿಂಪ್‌ನಲ್ಲಿ ಫೋಟೊ ತೆರೆದು `Colors > Components > Extract Component` ಗೆ ಹೋಗಿ `RGB Red` ಆರಿಸಿ. ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುವುದರಿಂದ ಕೆಂಪು ಪದರದಲ್ಲಿ ಅಕ್ಷರ ಕಪ್ಪಗೆ ಎದ್ದು ಬರುತ್ತದೆ, ಕಂದು ಕಲೆಗಳು ಮಂಕಾಗುತ್ತವೆ. ಕಾಟು ಕೆಂಪು ಪೆನ್ಸಿಲಿನದ್ದಾಗಿದ್ದರೆ ಇನ್ನೂ ಅನುಕೂಲ: ಕೆಂಪು ಗೆರೆ ಬಹುಮಟ್ಟಿಗೆ ಮಾಯವಾಗಿ ಕೆಳಗಿನ ನೀಲಿ ಪದ ಉಳಿಯುತ್ತದೆ. ಪದಕ್ಕೂ ಕಾಟಿಗೂ ಒಂದೇ ಶಾಯಿಯಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಮೂಲ ಕಾಗದ ಕೈಯಲ್ಲಿದ್ದರೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಬಾಲ್‌ಪೆನ್ನು ಒತ್ತಿದ ತಗ್ಗು ನೆರಳಾಗಿ ಕಾಣುತ್ತದೆ, ಹಿಂಬದಿಯಿಂದ ನೋಡಿದರೆ ಕೆಲವೊಮ್ಮೆ ಇನ್ನೂ ಸ್ಪಷ್ಟ. ಶಾಯಿ ಪೆನ್ನಿನಲ್ಲಿ ಬರೆದದ್ದಕ್ಕೆ ತಗ್ಗು ಇರುವುದೇ ಕಡಿಮೆ, ಹೆಚ್ಚು ನಿರೀಕ್ಷೆ ಬೇಡ.

ತೋಟದಮನೆ

ಕೆಂಪು ಪದರದಲ್ಲಿ ನೋಡಿದೆ. "ನಲವತ್ತು", "ನಾನೇ ಬರುತ್ತೇನೆ" ಎರಡರ ಕಾಟೂ ನೀಲಿ, ಬರಹದ ಶಾಯಿಯೇ. ಇನ್ನೊಂದು ಕಾಗದದಲ್ಲಿ ಒಂದು ಮೊತ್ತಕ್ಕೆ ಮಾತ್ರ ಕೆಂಪು ಪೆನ್ಸಿಲಿನ ಗೆರೆ ಇದೆ. ಅದನ್ನೂ ~~ ಎಂದೇ ಹಾಕಲೇ?

ಹಳೆಕಡತ

ಬೇಡ. ಕಾಗದದಲ್ಲಿ ಬೇರೆಲ್ಲೂ ಇಲ್ಲದ ಕೆಂಪು ಪೆನ್ಸಿಲು ಬರೆದವರದ್ದು ಎನ್ನಲು ಆಧಾರ ಬೇಕು. ಕಾಗದ ಬಂದ ಮೇಲೆ ಲೆಕ್ಕ ತಾಳೆ ನೋಡಿದವರು ಗೆರೆ ಎಳೆದಿರಲೂಬಹುದು. ಅದನ್ನು `[ಕೆಂಪು ಪೆನ್ಸಿಲ್ ಗೆರೆ: ೧೫-೦-೦]` ಎಂದು ಚೌಕ ಆವರಣದಲ್ಲಿ ಬರೆಯಿರಿ. ಅಲೆಗೀಟು ಬರೆದವರೇ ಹೊಡೆದುಹಾಕಿದ್ದಕ್ಕೆ ಮಾತ್ರ ಮೀಸಲಿರಲಿ.

ನೀಲಿ ಕಾಟುಗಳೂ ಎರಡು ಬಗೆಯವು ಎನ್ನುವುದು ನಿಮ್ಮ ಏಳು ಸಾಲಿನಲ್ಲೇ ಕಾಣುತ್ತದೆ. "ಮೂವತ್ತೈದು" ಸಾಲಿನ ಮೇಲೆ ಸಣ್ಣಕ್ಷರದಲ್ಲಿದೆ. ಅಂದರೆ "ನಲವತ್ತು ರೂ||" ಎಂದು ಮುಂದೆ ಬರೆದಾದ ಮೇಲೆ, ಸಾಲಿನಲ್ಲಿ ಜಾಗ ಉಳಿಯದಿದ್ದಾಗ ಹಿಂದೆ ಬಂದು ತಿದ್ದಿದ್ದು. "ನಾನೇ ಬರುತ್ತೇನೆ" ಹಾಗಲ್ಲ. ಅದನ್ನು ಹೊಡೆದು ಅದೇ ಸಾಲಿನಲ್ಲಿ, ಅದೇ ಗಾತ್ರದಲ್ಲಿ "ಅಣ್ಣ ಬರುತ್ತಾನೆ" ಎಂದು ಮುಂದುವರಿದಿದೆ. ಬರೆಯುತ್ತಿರುವಾಗಲೇ ಮನಸ್ಸು ಬದಲಾಯಿತು. ಟೋಪಿ ಗುರುತು ಇದ್ದರೆ ಹಿಂದಿರುಗಿ ತಿದ್ದಿದ್ದು, ಇಲ್ಲದಿದ್ದರೆ ಆಗಲೇ ತಿದ್ದಿದ್ದು. ಇಷ್ಟು ವ್ಯತ್ಯಾಸ ಓದುವವರಿಗೆ ಉಳಿಯುತ್ತದೆ. ಅದಕ್ಕೇ ^ ^ ಅನ್ನು ಸಾಲಿನ ಮೇಲೋ ಅಂಚಿನಲ್ಲೋ ಸೇರಿಸಿದ್ದಕ್ಕೆ ಮಾತ್ರ ಬಳಸಿ, ಕಾಟಿನ ಪಕ್ಕದ ಪದಕ್ಕೆಲ್ಲ ಹಾಕುತ್ತಾ ಹೋಗಬೇಡಿ.

ಮುಳಿಹುಲ್ಲು

ನನ್ನದು ಪೋಸ್ಟ್‌ಕಾರ್ಡು. ಜಾಗ ಮುಗಿದ ಮೇಲೆ ಕಾರ್ಡನ್ನು ಅಡ್ಡ ತಿರುಗಿಸಿ ಎಡ ಅಂಚಿನಲ್ಲಿ ಎರಡು ಸಾಲು, ಮತ್ತೆ ತಲೆಕೆಳಗು ಮಾಡಿ "ಶ್ರೀ" ಬರೆದ ಮೇಲುಗಡೆ ಒಂದು ಸಾಲು ಬರೆದಿದ್ದಾರೆ. ಇವನ್ನು ಎಲ್ಲಿ ಹಾಕುವುದು? ಇನ್ನೊಂದು: ಅವರು ಪೂರ್ತಿ ಪದ ಹೊಡೆಯದೆ ಬರೀ ಕೊಂಬು ಅಥವಾ ದೀರ್ಘ ತಿದ್ದಿದ್ದಾರೆ. "ಕೊಡು" ಎಂದಿದ್ದದ್ದು "ಕೋಡು" ಆಗಿದೆ.

ಹಳೆಕಡತ

ಅಂಚಿನ ಸಾಲುಗಳು ಫೋಟೊದಲ್ಲಿ ಎಡಕ್ಕಿವೆ ಎಂದು ಮೊದಲು ಬರೆಯಬೇಡಿ. ಜಾಗ ಮುಗಿದ ಮೇಲೆ ಬರೆದದ್ದಾದರೆ ಸಹಿಯ ನಂತರ, `[ಎಡ ಅಂಚಿನಲ್ಲಿ, ಅಡ್ಡಲಾಗಿ]` ಎಂದು ಹಾಕಿ ಅಲ್ಲಿಂದ ಹೊಸ ಪ್ಯಾರಾ. ಅಂಚಿನ ಸಾಲು ಒಳಗಿನ ಯಾವುದೋ ವಾಕ್ಯದ ಮುಂದುವರಿಕೆ ಎಂದು ಗುಣಾಕಾರದ ಚಿಹ್ನೆಯೋ ಬಾಣವೋ ತೋರಿಸುತ್ತಿದ್ದರೆ ಮಾತ್ರ ಆ ವಾಕ್ಯದೊಳಗೆ ಟೋಪಿ ಗುರುತಿನಲ್ಲಿ ತನ್ನಿ.

ಗುಣಿತದ ತಿದ್ದುಪಡಿಯಲ್ಲಿ ಇಂಗ್ಲಿಷಿನ ಕ್ರಮ ನಮಗೆ ಕೆಲಸ ಮಾಡದು. ಅಲ್ಲಿ ಒಂದು ಅಕ್ಷರ ಕಿತ್ತು ಗುರುತು ಹಾಕಬಹುದು. ನಮ್ಮಲ್ಲಿ ಸ್ವರಚಿಹ್ನೆ ವ್ಯಂಜನಕ್ಕೆ ಅಂಟಿರುತ್ತದೆ. ನಡುವೆ ಅಲೆಗೀಟು ತೂರಿಸಿದರೆ ಚಿಹ್ನೆ ಒಂಟಿಯಾಗಿ, ಚುಕ್ಕಿಯ ವೃತ್ತದ ಮೇಲೆ ಕೂತು ಕಾಣುತ್ತದೆ. ಆದ್ದರಿಂದ ಅತಿ ಚಿಕ್ಕ ಘಟಕ ಎಂದರೆ ಪೂರ್ತಿ ಅಕ್ಷರ: `~~ಕೊ~~ಕೋಡು`. ಒತ್ತಕ್ಷರ ತಿದ್ದಿದ್ದರೂ ಹೀಗೆಯೇ. ಪ್ರತ್ಯಯ ತಿದ್ದಿದ್ದರೆ `ಮನೆ~~ಗೆ~~ಯಲ್ಲಿ` ಎಂದು ಹಾಕಬಹುದು, ಓದಲು ತೊಡಕಾದರೆ ಪೂರ್ತಿ ಪದವನ್ನೇ ಎರಡು ಬಾರಿ ಬರೆಯಿರಿ. ಎರಡರಲ್ಲಿ ಒಂದು ರೀತಿ ಹಿಡಿದು ಎಲ್ಲ ಕಾಗದಕ್ಕೂ ಅದನ್ನೇ ಪಾಲಿಸಿ.

ಕಾಟಿನ ಕೆಳಗೆ ಏನಿದೆ ಎಂದು ತಿಳಿಯದೇ ಹೋದರೆ `~~[3 ಅಕ್ಷರ ಓದಲಾಗದು]~~` ಎಂದು ಬರೆಯಿರಿ. ಅದೇ ಸಾಲಿನಲ್ಲಿ ಅಷ್ಟೇ ಅಗಲಕ್ಕೆ ಎಷ್ಟು ಅಕ್ಷರ ಹಿಡಿದಿವೆ ಎಂದು ಎಣಿಸಿದರೆ ಅಂದಾಜು ಸಿಗುತ್ತದೆ. ಊಹೆ ಇದ್ದರೆ ಪದದ ನಂತರ [?] ಹಾಕಿ.

ಸಾಲುಗೂಡಿಸು

ಇಷ್ಟನ್ನೂ ನೇರ ಪ್ಯಾರಾದಲ್ಲೇ ಟೈಪ್ ಮಾಡಲು ಹೋದರೆ ಸಾಲು ತಪ್ಪುತ್ತದೆ. ನಾಲ್ಕನೇ ಸಾಲಿನ "ಬಂ" ನೋಡಿದ ಕಣ್ಣು ಮರಳಿ ಬಂದಾಗ ಬೇರೆ "ಬಂ" ಇರುವ ಸಾಲಿಗೆ ಹಾರುತ್ತದೆ, ನಡುವಿನ ಒಂದು ಸಾಲು ಮಾಯ. ಆದ್ದರಿಂದ ಮೂಲ ಕಡತದಲ್ಲಿ ಕಾಗದದ ಒಂದು ಸಾಲಿಗೆ ಒಂದೇ ಸಾಲು. ಮುಗಿದ ಮೇಲೆ ಫೋಟೊದ ಸಾಲು ಎಣಿಸಿ ಕಡತದ ಸಾಲಿನ ಸಂಖ್ಯೆಗೆ ತಾಳೆ ನೋಡಿ. ಕೂಡಿಸುವ ಕೆಲಸ ಪೈಥಾನ್ ಮಾಡಲಿ.

ಪದ ಮುರಿದ ಸಾಲಿನ ಕೊನೆಗೆ = ಹಾಕಿ, ಪದ ಪೂರ್ತಿಯಾದ ಸಾಲಿಗೆ ಏನೂ ಬೇಡ. ಬರೆದವರೇ ಹೊಸ ಪ್ಯಾರಾ ಮಾಡಿದ್ದರೆ ಖಾಲಿ ಸಾಲು. ಓದಿನ ಅನುಕೂಲಕ್ಕೆ ನೀವು ಮಾಡುವ ಪ್ಯಾರಾ ಸಾಲಿನ ನಡುವೆಯೇ ಬರಬಹುದಾದ್ದರಿಂದ ಅಲ್ಲಿ ¶. ಕಾಟು ಎರಡು ಸಾಲಿಗೆ ಹಬ್ಬಿದ್ದರೆ ಸಾಲಿನ ಕೊನೆಗೆ ಮುಚ್ಚಿ ಮುಂದಿನ ಸಾಲಿನಲ್ಲಿ ಮತ್ತೆ ತೆರೆಯಿರಿ, = ಹೊರಗಿರಲಿ:

```
ತೋಷವಾಯಿತು.¶ಅಡಿಕೆ ಬಾಬ್ತು ~~ನಲವತ್ತು~~ ^ಮೂವತ್ತೈದು^ ರೂ|| ಬಂ=
ದಿದೆ. ಅದರಲ್ಲಿ ೧೨-೮-೦ ನಿನ್ನ ಹೆಸರಿಗೆ ಪೋಸ್ಟ್=
ಮಾಸ್ತರರಲ್ಲಿ ಕಟ್ಟಿದ್ದೇನೆ. ಮುಂದಿನ ವಾರ ~~ನಾನೇ ಬರು~~=
~~ತ್ತೇನೆ~~ ಅಣ್ಣ ಬರುತ್ತಾನೆ.
```

```
import re
t = open("mula.txt", encoding="utf-8").read().strip()
t = re.sub(r" +\n", "\n", t)
t = t.replace("\u0ccd=\n", "\u0ccd\u200c=\n")
t = t.replace("=\n", "¦")
t = re.sub(r"(?<!\n)\n(?!\n)", " ¦ ", t)
t = t.replace("¶", "\n\n")
open("pyara.txt", "w", encoding="utf-8").write(t)
```

ಪೈಥಾನಿನ ಮೂರನೇ ಸಾಲು ಸುಮ್ಮನೆ ಇಲ್ಲ. ಟೈಪ್ ಮಾಡುವಾಗ = ಆದ ಮೇಲೆ ಒಂದು ಖಾಲಿ ಜಾಗ ಬಿದ್ದಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಮುರಿದ ಪದ ಕೂಡುವುದಿಲ್ಲ. ಫಲಿತಾಂಶದಲ್ಲಿ ಇನ್ನೂ = ಉಳಿದಿದೆಯೇ ಎಂದು ಒಮ್ಮೆ ಹುಡುಕಿ.

ನಾಲ್ಕನೇ ಸಾಲು ಕನ್ನಡಕ್ಕಾಗಿಯೇ ಇರುವುದು. "ಪೋಸ್ಟ್" ಅರ್ಧಾಕ್ಷರದಲ್ಲಿ ಮುಗಿದು ಮುಂದಿನ ಸಾಲು "ಮಾ" ಎಂದು ಶುರುವಾಗುತ್ತದೆ. ನಡುವೆ ¦ ಇರುವವರೆಗೆ ತೊಂದರೆಯಿಲ್ಲ. ಯಾರಾದರೂ ¦ ತೆಗೆದ ಕೂಡಲೇ ಟ್ ಮತ್ತು ಮಾ ಒತ್ತಾಗಿ ಬೆಸೆದು "ಪೋಸ್ಟ್ಮಾಸ್ತರ" ಆಗಿಬಿಡುತ್ತದೆ, ಕಾಗದದಲ್ಲಿ ಹಾಗೆ ಬರೆದೇ ಇಲ್ಲ. `U+200C` ನಡುವೆ ಕಾಣದ ಹಾಗೆ ನಿಂತು ಬೆಸುಗೆ ತಡೆಯುತ್ತದೆ: ಪೋಸ್ಟ್‌ಮಾಸ್ತರ.

ಬೆರಳಚ್ಚು

ಪೈಥಾನ್ ಬಾರದವರಿಗೆ? ವರ್ಡ್‌ನ ಹುಡುಕಿ-ಬದಲಿಸು ಸಾಲದೇ?

ಸಾಲುಗೂಡಿಸು

ಸಾಕು, ಅನುಕ್ರಮ ತಪ್ಪಬಾರದು. ಹುಡುಕುವ ಜಾಗದಲ್ಲಿ `^p^p` ಹಾಕಿ ಅದನ್ನು ಬೇರೆಲ್ಲೂ ಇಲ್ಲದ `@@` ಗೆ ಬದಲಿಸಿ. ಆಮೇಲೆ `=^p` ಅನ್ನು `¦` ಗೆ, ಉಳಿದ `^p` ಅನ್ನು ಎರಡೂ ಪಕ್ಕ ಖಾಲಿ ಜಾಗವಿರುವ `¦` ಗೆ, ಕೊನೆಗೆ `@@` ಅನ್ನೂ ¶ ಅನ್ನೂ `^p^p` ಗೆ. ಮೊದಲ ಹೆಜ್ಜೆ ಬಿಟ್ಟರೆ ಬರೆದವರ ಪ್ಯಾರಾಗಳೂ ಸಾಲಿನ ಜೊತೆ ಕೂಡಿಹೋಗುತ್ತವೆ. ಒಂದು ಎಚ್ಚರಿಕೆ: ವರ್ಡ್‌ಗೆ ^ ವಿಶೇಷ ಚಿಹ್ನೆ, ನಿಮ್ಮ ಟೋಪಿ ಗುರುತನ್ನು ಅಲ್ಲಿ ಹುಡುಕಬೇಕಾದರೆ `^^` ಎಂದು ಕೊಡಬೇಕು. ಪೋಸ್ಟ್‌ಮಾಸ್ತರನಂಥವನ್ನು ಕೈಯಾರೆ ಸರಿಮಾಡಿಕೊಳ್ಳಿ, ಒಂದು ಕಾಗದದಲ್ಲಿ ಒಂದೋ ಎರಡೋ ಇರುತ್ತವೆ.

ಗ್ರಂಥಪಾಲ

ಹತ್ತಾರು ಕಾಗದ ಇದ್ದು, ಮುಂದೆ ಯಾವುದಾದರೂ ಸಂಗ್ರಹಕ್ಕೆ ಕೊಡುವ ಯೋಚನೆ ಇದ್ದರೆ ಮನೆಯ ಗುರುತುಗಳ ಬದಲು ಟಿಇಐ ಪದ್ಧತಿ ಹಿಡಿಯುವುದು ಒಳ್ಳೆಯದು. ಪತ್ರ, ಹಸ್ತಪ್ರತಿಗಳಿಗೆ ಎಲ್ಲೆಡೆ ನಡೆಯುವ ಗುರುತು ಅದು:

```
<subst><del>ನಲವತ್ತು</del>
<add place="above">ಮೂವತ್ತೈದು</add></subst>
ರೂ|| ಬಂ<lb break="no"/>ದಿದೆ.
```

`break="no"` ಎಂದರೆ ಸಾಲು ಮುರಿದರೂ ಪದ ಮುರಿದಿಲ್ಲ ಎಂದು. ಮೇಲಿನ = ಮಾಡುವುದೂ ಇದೇ ಕೆಲಸವನ್ನು.

ತೋಟದಮನೆ

ಇದು ನನಗೆ ಭಾರವಾಯಿತು. ಮನೆಯವರು ಇದನ್ನು ತೆರೆದೂ ನೋಡುವುದಿಲ್ಲ.

ಗ್ರಂಥಪಾಲ

ಅವರು ನೋಡಬೇಕಾಗಿಲ್ಲ. ಆದರೆ ನಿಮ್ಮ ~~, ^, = ಒಂದೊಂದಕ್ಕೂ ಒಂದೇ ಅರ್ಥ ಇಟ್ಟುಕೊಂಡಿದ್ದರೆ ಮುಂದೆ ಯಾರು ಬೇಕಾದರೂ ಇದಕ್ಕೆ ಬದಲಿಸಿಕೊಳ್ಳಬಹುದು. ಕಡತದ ತಲೆಯಲ್ಲಿ ಗುರುತುಗಳ ಅರ್ಥವನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ.

ಹಳೆಕಡತ

ಅದರ ಜೊತೆ, ಟೈಪ್ ಮುಗಿದ ಮೇಲೆ ಕಡತದಲ್ಲಿ ೦ ಮತ್ತು ೯ ಎರಡನ್ನೂ ಒಂದೊಂದಾಗಿ ಹುಡುಕಿ. ಸೊನ್ನೆ ಅಂಕಿಯೂ ಅನುಸ್ವಾರವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. "ಸಂತೋಷ"ದಲ್ಲಿ ಅಂಕಿಯ ಸೊನ್ನೆ ಹೊಕ್ಕಿದ್ದರೆ ಆ ಪದ ಎಂದಿಗೂ ಹುಡುಕಿದಾಗ ಸಿಗದು. "ಕಾರ್ತೀಕ"ದ ಅರ್ಕಾವತ್ತನ್ನು ಕೈಬರಹದಲ್ಲಿ ಒಂಬತ್ತರ ಹಾಗೆ ಬರೆಯುತ್ತಾರೆ, ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡಿದವರು "ಕಾತೀ೯ಕ" ಎಂದು ಅಂಕಿಯನ್ನೇ ಹಾಕಿಬಿಡುತ್ತಾರೆ. ನಿಮ್ಮ ಏಳು ಸಾಲಿನಲ್ಲಿ ಸೊನ್ನೆ ಅಂಕಿ ಇರಬೇಕಾದದ್ದು ೧೨-೮-೦ ಎಂಬ ಒಂದೇ ಕಡೆ, ಒಂಬತ್ತು ಎಲ್ಲೂ ಇಲ್ಲ.

ತೋಟದಮನೆ

ಹುಡುಕಿದೆ, "ಸಂ||" ನಲ್ಲಿ ಅಂಕಿಯ ಸೊನ್ನೆ ಇತ್ತು, ತೆಗೆದೆ. ಕೂಡಿಸಿದ ಮೇಲೆ ಬಂದದ್ದು ಹೀಗಿದೆ:

```
ದುರ್ಮುಖಿ ಸಂ|| ಕಾರ್ತೀಕ ಬ|| ೫

ಚಿ|| ತಮ್ಮನಿಗೆ ಆಶೀರ್ವಾದಗಳು. ಇತ್ತ ಕಡೆ ಯೆಲ್ಲರೂ ¦ ಕ್ಷೇಮ. ನಿನ್ನ ಕಾಗದ ತಲುಪಿ ಬಹಳ ಸಂ¦ತೋಷವಾಯಿತು.

ಅಡಿಕೆ ಬಾಬ್ತು ~~ನಲವತ್ತು~~ ^ಮೂವತ್ತೈದು^ ರೂ|| ಬಂ¦ದಿದೆ. ಅದರಲ್ಲಿ ೧೨-೮-೦ ನಿನ್ನ ಹೆಸರಿಗೆ ಪೋಸ್ಟ್‌¦ಮಾಸ್ತರರಲ್ಲಿ ಕಟ್ಟಿದ್ದೇನೆ. ಮುಂದಿನ ವಾರ ~~ನಾನೇ ಬರು~~¦~~ತ್ತೇನೆ~~ ಅಣ್ಣ ಬರುತ್ತಾನೆ.
```

ಅಡಿಕೆಯಿಂದ ಹೊಸ ಪ್ಯಾರಾ ಮಾಡಿದ್ದು ನಾನು. ಅದು ಓದುವವರಿಗೆ ಗೊತ್ತಾಗಬೇಕೇ?

ಹಳೆಕಡತ

ಮೂಲ ಕಡತದಲ್ಲಿ ¶ ಇದೆಯಲ್ಲ, ನನ್ನ ಮಟ್ಟಿಗೆ ಅಷ್ಟು ಸಾಕು. ಓದುವ ಪ್ರತಿಯ ತಲೆಯಲ್ಲಿ "ಪ್ಯಾರಾ ವಿಂಗಡಣೆ ಟೈಪ್ ಮಾಡಿದವರದ್ದು" ಎಂದು ಒಂದು ಸಾಲು ಹಾಕಿ.

ಗ್ರಂಥಪಾಲ

ನನಗೆ ಸಾಲದು. ಓದುವ ಪ್ರತಿಯೇ ಮುಂದೆ ಹರಿದಾಡುವುದು, ಮೂಲ ಕಡತ ಯಾರ ಕೈಯಲ್ಲೂ ಇರುವುದಿಲ್ಲ. ಅಲ್ಲೂ ಪ್ಯಾರಾದ ಮೊದಲಿಗೆ ¶ ಉಳಿಸಿ.

ಧಾರವಾಡ ಮಾಸ್ತರ

ಸಾಲಿನ ನಂಬರಿನ ಮಾತು ಬಿಟ್ಟ ಬಿಟ್ರಿ. ಪ್ಯಾರಾದ ಮೊದಲಿಗೆ ¶ ಹಾಕ್ತೀರಿ ಅಂದ್ರ ಅದರ ಬಗಲಾಗ ಆ ಪ್ಯಾರಾ ಕಾಗದದ ಎಷ್ಟನೇ ಸಾಲಿನಿಂದ ಸುರು ಆತು ಅಂತ ಹಾಕ್ರಿ, [೪] ಅಂತ. ಪದದ ಹೊಟ್ಟಿಯೊಳಗ ಅಂಕಿ ಬರೂದಿಲ್ಲ, ಹುಡುಕವ್ರಿಗೆ ಜಾಗಾನೂ ಸಿಗ್ತದ.

ತೋಟದಮನೆ

`¶[೪] ಅಡಿಕೆ ಬಾಬ್ತು` ಎಂದು ಹಾಕಿ ನೋಡಿದೆ, ಓದಿಗೆ ಅಡ್ಡ ಬರುತ್ತಿಲ್ಲ. ಉಳಿದ ಕಾಗದಗಳಿಗೂ ಹೀಗೇ ಹಾಕುತ್ತೇನೆ. ಪೋಸ್ಟ್‌ಕಾರ್ಡಿನಂತೆ ಮೂರು ದಿಕ್ಕಿಗೆ ಬರೆದದ್ದರಲ್ಲಿ ಸಾಲಿನ ಎಣಿಕೆ ಎಲ್ಲಿಂದ ಶುರು ಮಾಡಬೇಕು?

ಮುಳಿಹುಲ್ಲು

ನಾನು ಒಳಗಿನ ಸಾಲುಗಳಿಗೆ ೧, ೨, ೩. ಎಡ ಅಂಚಿಗೆ ಎ೧, ಎ೨. ಮೇಲಂಚಿಗೆ ಮೇ೧ ಎಂದು ಬೇರೆ ಬೇರೆ ಎಣಿಸುತ್ತಿದ್ದೇನೆ. ಒಂದೇ ಸರಣಿಯಲ್ಲಿ ಎಣಿಸಿದರೆ ಅಂಚಿನದ್ದು ಮೊದಲು ಬರೆದದ್ದೋ ಕೊನೆಗೋ ಎಂದು ನಾನೇ ತೀರ್ಮಾನಿಸಿದ ಹಾಗಾಗುತ್ತದೆ. ನನ್ನ ಕಾರ್ಡಿನಲ್ಲಿ ಮೇಲಂಚಿನ ಸಾಲು ಯಾವಾಗ ಬರೆದದ್ದು ಎಂದು ಶಾಯಿ ನೋಡಿದರೂ ಹೇಳಲಾಗುತ್ತಿಲ್ಲ.